ಪರದೆಯ ಮೇಲೆ ಕನ್ನಡ ಒಡೆಯದಿರಲು

ಒಂದು ಊರಿನ ಹಾಲು ಉತ್ಪಾದಕರ ಸಹಕಾರ ಸಂಘ ಒಂದೇ ಪುಟದ ಜಾಲತಾಣ ಮಾಡಿಸಿದೆ ಎಂದಿಟ್ಟುಕೊಳ್ಳೋಣ. ಅದರಲ್ಲಿರುವುದು ಲೀಟರ್ ಹಾಲಿನ ದರ, ಪಶುವೈದ್ಯರು ಬರುವ ದಿನ, ವಾರ್ಷಿಕ ಮಹಾಸಭೆಯ ಸೂಚನೆ, ಅಷ್ಟೇ. ಮಾಡಿಕೊಟ್ಟ ಹುಡುಗನ ಲ್ಯಾಪ್‌ಟಾಪಿನಲ್ಲಿ ಎಲ್ಲ ಅಂದವಾಗಿಯೇ ಇತ್ತು. ವಾರ ಕಳೆಯುವುದರೊಳಗೆ ಮೂರು ದೂರು ಬಂದವು. ಸಂಘದ ಕಚೇರಿಯ ಹಳೆಯ ಕಂಪ್ಯೂಟರಿನಲ್ಲಿ ‘ರಾಷ್ಟ್ರೀಯ’ ಎಂಬ ಪದ ‘ರಾಷ್‌ಟ್‌ರೀಯ’ ಎಂದು ಕಳಚಿಕೊಂಡು ನಿಂತಿದೆ. ಸದಸ್ಯರೊಬ್ಬರ ಫೋನಿನಲ್ಲಿ ಅಕ್ಷರ ಕೂಡಿಕೊಂಡಿವೆ, ಆದರೆ ತಲೆಬರಹದ ಒತ್ತುಗಳ ಕೆಳಭಾಗ ಕತ್ತರಿಸಿಹೋಗಿದೆ. ಕಣ್ಣು ಕಾಣದ ಇನ್ನೊಬ್ಬರು ಪುಟವನ್ನು ತಂತ್ರಾಂಶದಿಂದ ಓದಿಸಿಕೊಳ್ಳುತ್ತಾರೆ. ಅದು ದರದ ಅಂಕಿಗಳನ್ನು ಇಂಗ್ಲಿಷಿನಲ್ಲಿ ಹೇಳಿ ಕನ್ನಡವನ್ನೆಲ್ಲ ನುಂಗಿಬಿಡುತ್ತದೆ.

ಇಂಥ ದೂರು ಬಂದಾಗ ಮೊದಲು ಬರುವ ಸಲಹೆ ‘ಫಾಂಟ್ ಹಾಕಿಕೊಳ್ಳಿ’ ಎಂಬುದು. ಆದರೆ ಇಲ್ಲಿ ಮೂರು ಬೇರೆ ಬೇರೆ ಕಾಯಿಲೆಗಳಿವೆ, ಮೂರಕ್ಕೂ ಮದ್ದು ಬೇರೆ.

ಮೊದಲು ಅಕ್ಷರ ಕೂಡುವ ಬಗೆಯನ್ನು ನೋಡೋಣ. ಯೂನಿಕೋಡಿನಲ್ಲಿ ‘ರಾಷ್ಟ್ರೀಯ’ ಎಂಬುದು ಒಂಬತ್ತು ಸಂಕೇತಗಳ ಸಾಲು: ರ, ಆಕಾರದ ಗುರುತು, ಷ, ಹಲಂತ, ಟ, ಮತ್ತೆ ಹಲಂತ, ರ, ದೀರ್ಘ ಈಕಾರದ ಗುರುತು, ಯ. ಕಡತದಲ್ಲಿ ಕೂತಿರುವುದು ಇಷ್ಟೇ. ಟಕಾರದ ಒತ್ತು, ರಕಾರದ ಒತ್ತು ಎಂದು ಬೇರೆ ಸಂಕೇತಗಳಿಲ್ಲ. ಆ ಒತ್ತುಗಳ ಚಿತ್ರಗಳು ಫಾಂಟಿನೊಳಗೆ ಅಡಗಿವೆ. ಹಲಂತದ ಮುಂದೆ ವ್ಯಂಜನ ಬಂದಾಗ ಯಾವ ಚಿತ್ರ ಹಾಕಬೇಕೆಂಬ ನಿಯಮಪಟ್ಟಿಯೂ ಅಲ್ಲೇ ಇದೆ. ಈಕಾರವನ್ನೇ ನೋಡಿ: ಸಾಲಿನಲ್ಲಿ ಅದು ರಕಾರದ ನಂತರ ಬರುತ್ತದೆ, ಆದರೆ ಪರದೆಯ ಮೇಲೆ ಗುಡಿಸು ಏರುವುದು ಷಕಾರದ ತಲೆಯ ಮೇಲೆ. ಫಾಂಟಿನ ನಿಯಮ ಓದಿ ಈ ಹಿಂದುಮುಂದನ್ನೆಲ್ಲ ಸರಿಪಡಿಸುವುದು ಅಕ್ಷರ ಜೋಡಿಸುವ ಒಂದು ತಂತ್ರಾಂಶ. ವಿಂಡೋಸಿನಲ್ಲಿ ಈ ಕೆಲಸ ಬಹುಕಾಲ ಯೂನಿಸ್ಕ್ರೈಬ್‌ನದಾಗಿತ್ತು. ಆಂಡ್ರಾಯ್ಡ್, ಫೈರ್‌ಫಾಕ್ಸ್, ಕ್ರೋಮ್‌ಗಳಲ್ಲಿ ಹಾರ್ಫ್‌ಬಜ್ ಮಾಡುತ್ತದೆ. ಸರಿಯಾದ ಕನ್ನಡ ಕಾಣಲು ಫಾಂಟೂ ಬೇಕು, ಜೋಡಿಸುವವನೂ ಬೇಕು.

ಹಾಗಾಗಿ ಕೆಟ್ಟ ಪುಟದ ಮುಖ ನೋಡಿಯೇ ಕಾಯಿಲೆ ಹೇಳಬಹುದು. ಸಾಲುಸಾಲು ಖಾಲಿ ಚೌಕಗಳು ಕಂಡರೆ ಆ ಯಂತ್ರದಲ್ಲಿ ಕನ್ನಡ ಫಾಂಟೇ ಇಲ್ಲ. ಅಕ್ಷರಗಳಿದ್ದು ಹಲಂತ ಬಿಡಿಯಾಗಿ ಕಂಡರೆ, ಚುಕ್ಕೆಗಳ ಪುಟ್ಟ ವೃತ್ತದ ಮೇಲೆ ಗುಣಿತದ ಗುರುತು ಕೂತಿದ್ದರೆ, ಫಾಂಟ್ ಇದೆ, ಜೋಡಣೆ ಆಗಿಲ್ಲ. `à²•à²¨` ಎಂಬಂಥ ಸಾಲು ಕಂಡರೆ ತಪ್ಪು ಫಾಂಟಿನದಲ್ಲವೇ ಅಲ್ಲ, ಪುಟ ಯುಟಿಎಫ್-8 ಎಂದು ಬ್ರೌಸರಿಗೆ ಯಾರೂ ಹೇಳಿಲ್ಲ. ಕನ್ನಡದ ಪ್ರತಿ ಸಂಕೇತವೂ ಯುಟಿಎಫ್-8ರಲ್ಲಿ ಮೂರು ಬೈಟ್ ಆಗುತ್ತದೆ. ಅದನ್ನು ಪಾಶ್ಚಾತ್ಯ ಅಕ್ಷರಪಟ್ಟಿಯಂತೆ ಓದಿದಾಗ ಕಕಾರವೊಂದೇ ಮೂರು ಗುರುತುಗಳಾಗಿ ಸಿಡಿಯುತ್ತದೆ. ಇನ್ನು `PÀ£ÀßqÀ` ಎಂದು ಕಂಡರೆ ಅದು ನುಡಿ ಅಥವಾ ಬರಹದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ ‘ಕನ್ನಡ’. ಅದರ ವಿಷಯ ಆಮೇಲೆ.

ಲ್ಯಾಂಗ್ ಆ್ಯಟ್ರಿಬ್ಯೂಟ್ ಈ ಚಿತ್ರದಲ್ಲಿ ಎಲ್ಲಿ ಬರುತ್ತದೆ? ಹಲವರು ನಂಬಿರುವ ಜಾಗದಲ್ಲಿ ಅಲ್ಲ. ಅದನ್ನು ಬರೆದ ಮಾತ್ರಕ್ಕೆ ಒತ್ತು ಕೂಡುವುದಿಲ್ಲ. ಇದು ಕನ್ನಡ ಲಿಪಿ ಎಂಬುದು ಜೋಡಿಸುವ ತಂತ್ರಾಂಶಕ್ಕೆ ಸಂಕೇತಗಳಿಂದಲೇ ಗೊತ್ತಾಗುತ್ತದೆ. ಅದಕ್ಕೆ ಗೊತ್ತಾಗದಿರುವುದು ಆ ಲಿಪಿಯಲ್ಲಿರುವ ಭಾಷೆ. ಕನ್ನಡ ಲಿಪಿಯಲ್ಲಿ ತುಳು, ಕೊಡವ, ಕೊಂಕಣಿ, ಸಂಸ್ಕೃತ ಎಲ್ಲವೂ ಇರುತ್ತವಲ್ಲ. ಸಂಘದ ಪುಟದ ತಲೆ ಹೀಗಿರಬೇಕು:

```html
<!DOCTYPE html>
<html lang="kn">
<head>
<meta charset="utf-8">
<meta name="viewport"
  content="width=device-width, initial-scale=1">
```

ಎರಡನೆಯ ಸಾಲಿನ `kn` ಕನ್ನಡದ ಸಂಕೇತ. ಇಲ್ಲಿ ಆಗಾಗ ಆಗುವ ಎಡವಟ್ಟೊಂದಿದೆ. ನಮ್ಮ ವಾಹನಗಳ ನಂಬರ್ ಪ್ಲೇಟಿನ ಮೇಲೆ ಕೆಎ ನೋಡಿ ನೋಡಿ ಅಭ್ಯಾಸವಾದವರು `lang="ka"` ಎಂದು ಬರೆದುಬಿಡುತ್ತಾರೆ. ಅದು ಜಾರ್ಜಿಯನ್ ಭಾಷೆಯ ಸಂಕೇತ. ಹಾಗೆ ಬರೆದರೆ ಪುಟ ಮುರಿಯುವುದಿಲ್ಲ, ಎಚ್ಚರಿಕೆಯೂ ಕಾಣುವುದಿಲ್ಲ. ಕಾಕಸಸ್ ಪರ್ವತದಾಚೆಯ ಭಾಷೆಯೊಂದರ ಹೆಸರು ಹೊತ್ತು ನಮ್ಮ ಹಾಲಿನ ದರ ಸುಮ್ಮನೆ ಕೂತಿರುತ್ತದೆ. ಇನ್ನೂ ಹೆಚ್ಚಾಗಿ ಕಾಣುವುದು, ಎಲ್ಲಿಂದಲೋ ತಂದ ಸಿದ್ಧ ಮಾದರಿಯಲ್ಲಿದ್ದ `lang="en"` ಹಾಗೇ ಉಳಿದಿರುವುದು. ಸಂಘದ ಪುಟದಲ್ಲಿ ಆಗಿದ್ದೂ ಅದೇ.

ಮೂರನೆಯ ದೂರಿಗೆ ಮೂಲ ಅದು. ಎನ್‌ವಿಡಿಎಯಂಥ ಪರದೆ ಓದುವ ತಂತ್ರಾಂಶ ಯಾವ ದನಿಯಲ್ಲಿ ಓದಬೇಕೆಂದು ಈ ಆ್ಯಟ್ರಿಬ್ಯೂಟನ್ನು ನೋಡಿ ನಿರ್ಧರಿಸುತ್ತದೆ. ಪುಟ ಇಂಗ್ಲಿಷ್ ಎಂದು ಹೇಳಿಕೊಂಡರೆ ಅದು ಇಂಗ್ಲಿಷ್ ದನಿಯನ್ನು ಕರೆಯುತ್ತದೆ, ಆ ದನಿಗೆ ಕನ್ನಡ ಬರುವುದಿಲ್ಲ. `kn` ಎಂದು ತಿದ್ದಿದರೆ ಯಂತ್ರದಲ್ಲಿ ಕನ್ನಡ ದನಿ ಇದ್ದಾಗ ಅದಕ್ಕೆ ಬದಲಾಗುತ್ತದೆ. ಎನ್‌ವಿಡಿಎ ಜೊತೆಗೇ ಬರುವ ಇಸ್ಪೀಕ್ ದನಿಗೆ ಕನ್ನಡ ಗೊತ್ತು. ಉಚ್ಚಾರಣೆ ಲೋಹದ ಡಬ್ಬಿಯೊಳಗಿಂದ ಬಂದಂತಿದ್ದರೂ ಅರ್ಥವಾಗುತ್ತದೆ.

ಇದೇ ಆ್ಯಟ್ರಿಬ್ಯೂಟ್ ಇನ್ನೊಂದು ಕೆಲಸಕ್ಕೂ ಬರುತ್ತದೆ. ಫೈರ್‌ಫಾಕ್ಸಿನ ಸೆಟ್ಟಿಂಗ್ಸ್‌ನಲ್ಲಿ ಕನ್ನಡಕ್ಕೆಂದೇ ಬೇರೆ ಫಾಂಟ್ ಮತ್ತು ಗಾತ್ರ ಆರಿಸಿಕೊಳ್ಳಬಹುದು. ಪುಟ ತನ್ನನ್ನು ಕನ್ನಡವೆಂದು ಹೇಳಿಕೊಂಡಾಗ ಓದುಗನ ಆ ಗಾತ್ರದ ಆಯ್ಕೆಗೆ ಬೆಲೆ ಬರುತ್ತದೆ. ಪುಟದೊಳಗೆ ಬೇರೆ ಭಾಷೆಯ ತುಣುಕು ಬಂದರೆ ಅಲ್ಲಿಗೆ ಮಾತ್ರ ಬೇರೆ ಗುರುತು ಹಾಕಿದರಾಯಿತು. ತುಳು ಗಾದೆಗೆ `lang="tcy"`. ಕನ್ನಡ ಲಿಪಿಯಲ್ಲಿ ಬರೆದ ಕೊಂಕಣಿಗೆ `lang="kok-Knda"`. ಕೊಂಕಣಿಗೆ ಹಲವು ಲಿಪಿಗಳಿರುವುದರಿಂದ ಲಿಪಿಯ ಹೆಸರೂ ಬೇಕು. ಕನ್ನಡಕ್ಕೆ ಅದು ಬೇಡ, `kn` ಸಾಕು.

ಈಗ ಫಾಂಟುಗಳ ಸಾಲು. ಎಲ್ಲ ಯಂತ್ರಗಳಲ್ಲೂ ಒಂದೇ ಕನ್ನಡ ಫಾಂಟ್ ಇಲ್ಲದಿರುವುದರಿಂದ ಬ್ರೌಸರಿಗೆ ಒಂದು ಪಟ್ಟಿ ಕೊಡಬೇಕಾಗುತ್ತದೆ. ಬ್ರೌಸರ್ ಪ್ರತಿ ಅಕ್ಷರಕ್ಕೂ ಪಟ್ಟಿಯನ್ನು ಮೊದಲಿನಿಂದ ನೋಡುತ್ತ ಬಂದು, ಆ ಅಕ್ಷರ ಇರುವ ಮೊದಲ ಫಾಂಟನ್ನು ಹಿಡಿಯುತ್ತದೆ. ಯಾವ ಯಂತ್ರದಲ್ಲಿ ಏನಿದೆ ಎಂದು ತಿಳಿದರೆ ಪಟ್ಟಿ ತಾನಾಗಿ ಹುಟ್ಟುತ್ತದೆ. ವಿಂಡೋಸಿನಲ್ಲಿ ಕನ್ನಡ ಬಂದದ್ದು 2001ರ ಎಕ್ಸ್‌ಪಿಯೊಂದಿಗೆ, ತುಂಗಾ ಎಂಬ ಫಾಂಟಿನ ಮೂಲಕ. 2012ರ ವಿಂಡೋಸ್ 8ರಲ್ಲಿ ಭಾರತೀಯ ಲಿಪಿಗಳಿಗೆಲ್ಲ ಒಂದೇ ಎಂಬಂತೆ ನಿರ್ಮಲಾ ಯುಐ ಬಂತು. ವಿಂಡೋಸ್ 10ರಲ್ಲಿ ತುಂಗಾ ಬೇಕಾದವರು ಪ್ರತ್ಯೇಕವಾಗಿ ಹಾಕಿಕೊಳ್ಳುವ ಹೆಚ್ಚುವರಿ ಫಾಂಟಾಯಿತು. ಆಪಲ್ ಯಂತ್ರಗಳಲ್ಲಿ ಕನ್ನಡ ಸಂಗಮ್ ಎಂಎನ್ ಇದೆ. ಲಿನಕ್ಸಿನಲ್ಲಿ ಸಾಮಾನ್ಯವಾಗಿ ಲೋಹಿತ್ ಅಥವಾ ನೋಟೊ. ಆಂಡ್ರಾಯ್ಡಿಗೆ ಕನ್ನಡ ಅಧಿಕೃತವಾಗಿ ಬಂದದ್ದು 2012ರ 4.1 ಆವೃತ್ತಿಯಲ್ಲಿ. ಅದಕ್ಕೂ ಮುಂಚಿನ ಫೋನುಗಳಲ್ಲಿ ಕನ್ನಡ ಓದಬೇಕೆಂದರೆ ಆಪೆರಾ ಮಿನಿ ತೆರೆದು `opera:config` ಎಂದು ಟೈಪ್ ಮಾಡಿ, ಕ್ಲಿಷ್ಟ ಲಿಪಿಗಳನ್ನು ಚಿತ್ರವಾಗಿ ತೋರಿಸುವ ಆಯ್ಕೆಯನ್ನು ಹುಡುಕಿ ಬದಲಿಸಬೇಕಿತ್ತು. ಆ ಕಾಲದಲ್ಲಿ ಈ ಗುಟ್ಟು ಬಾಯಿಂದ ಬಾಯಿಗೆ ಹರಡಿತ್ತು.

```css
body {
  font-family: "Noto Sans Kannada", "Nirmala UI",
    "Kannada Sangam MN", "Lohit Kannada",
    Tunga, sans-serif;
  line-height: 1.7;
}
```

ಇಲ್ಲಿ ಕ್ರಮ ಮುಖ್ಯ. ತುಂಗಾ ಕೊನೆಯಲ್ಲಿರುವುದು ಬೇಕೆಂದೇ. ಅದರ ಅಕ್ಷರಗಳು ಅದೇ ಅಳತೆಯ ಬೇರೆ ಫಾಂಟುಗಳಿಗಿಂತ ಚಿಕ್ಕದಾಗಿ ಕಾಣುತ್ತವೆ. ಅದನ್ನು ನಿರ್ಮಲಾಗಿಂತ ಮುಂದಿಟ್ಟರೆ ಎರಡೂ ಇರುವ ಯಂತ್ರದಲ್ಲಿ ಹಳೆಯದೇ ಗೆಲ್ಲುತ್ತದೆ; ಹಿಂದಿಟ್ಟರೆ ಅದೊಂದೇ ಇರುವ ವಿಂಡೋಸ್ 7ರಲ್ಲಿ ಮಾತ್ರ ಅದರ ಸರದಿ ಬರುತ್ತದೆ. ಕೊನೆಯ `sans-serif` ಎಂದರೆ ‘ಇವು ಯಾವುವೂ ಇಲ್ಲದಿದ್ದರೆ ನಿನ್ನಲ್ಲಿರುವುದನ್ನು ಹಾಕು’ ಎಂದು. ಆಂಡ್ರಾಯ್ಡ್ ಫೋನು ಹೆಸರು ಹೇಳದಿದ್ದರೂ ಲಿಪಿ ನೋಡಿ ತನ್ನ ಕನ್ನಡ ಫಾಂಟನ್ನು ತಾನೇ ಹುಡುಕಿಕೊಳ್ಳುತ್ತದೆ. ಹಾಗಾಗಿ ಹತ್ತು ಹದಿನೈದು ಹೆಸರುಗಳ ಪಟ್ಟಿ ನೋಡಿದಾಗ ನನಗೆ ಅದು ಪೂಜೆಗೆ ಮುಂಚಿನ ಸಂಕಲ್ಪದಂತೆ ಕಾಣುತ್ತದೆ: ಹೇಳಿದವರಿಗೆ ಸಮಾಧಾನ, ಯಂತ್ರಕ್ಕೆ ಏನೂ ವ್ಯತ್ಯಾಸವಿಲ್ಲ. ಐದಾರು ಹೆಸರು ಸಾಕು.

ಎರಡನೆಯ ದೂರಿಗೆ, ಅಂದರೆ ಕತ್ತರಿಸಿದ ಒತ್ತುಗಳಿಗೆ, ಮದ್ದು ಅದೇ ತುಣುಕಿನ ಕೊನೆಯ ಸಾಲಿನಲ್ಲಿದೆ. ಇಂದಿನ ಫೋನುಗಳಲ್ಲಿ ಕನ್ನಡ ಕೆಡುವುದು ಫಾಂಟ್ ಇಲ್ಲದೆ ಅಲ್ಲ. ಸಾಲಿನ ಎತ್ತರ ಸಾಲದೆ. ಸಿದ್ಧ ಮಾದರಿಗಳನ್ನು ಮಾಡುವವರು ಇಂಗ್ಲಿಷ್ ಅಕ್ಷರಗಳನ್ನು ಅಳೆದು ಮಾಡಿರುತ್ತಾರೆ. ತಲೆಬರಹಕ್ಕೆ 1.1 ಅಥವಾ 1.2ರ ಸಾಲೆತ್ತರ ಅಲ್ಲಿ ಅಂದವಾಗಿ ಕಾಣುತ್ತದೆ. ಕನ್ನಡದಲ್ಲಿ ‘ಸ್ತ್ರೀ’ ಬರೆದರೆ ಸಕಾರದ ಮೇಲೆ ಗುಡಿಸು, ಕೆಳಗೆ ತಕಾರ ರಕಾರಗಳೆರಡೂ. ಸಾಲು ಎರಡಾದಾಗ ಮೇಲಿನ ಒತ್ತು ಕೆಳಗಿನ ತಲೆಕಟ್ಟಿಗೆ ತಾಗುತ್ತದೆ. ಪೆಟ್ಟಿಗೆಗೆ ಗೊತ್ತುಮಾಡಿದ ಎತ್ತರವಿದ್ದು `overflow: hidden` ಎಂದೂ ಬರೆದಿದ್ದರೆ ಒತ್ತು ಕತ್ತರಿಸಿಯೇ ಹೋಗುತ್ತದೆ. ಸಂಘದ ಪುಟದ ಹಸಿರು ಪಟ್ಟಿಯಲ್ಲಿ `height: 40px` ಎಂದಿತ್ತು. ಅದನ್ನು `min-height` ಎಂದು ತಿದ್ದಿ, ತಲೆಬರಹಕ್ಕೆ 1.4, ಮುಖ್ಯ ಬರಹಕ್ಕೆ 1.7 ಕೊಟ್ಟರೆ ಒತ್ತುಗಳು ಪೂರ್ತಿ ಮರಳುತ್ತವೆ. ಸಂಖ್ಯೆಯ ಮುಂದೆ ಪಿಕ್ಸೆಲ್ ಎಂದು ಬರೆಯದೆ ಬರಿಯ ಸಂಖ್ಯೆ ಕೊಡುವುದು ಲೇಸು. ಓದುಗ ಅಕ್ಷರ ದೊಡ್ಡದು ಮಾಡಿಕೊಂಡಾಗ ಸಾಲೂ ಜೊತೆಗೆ ಬೆಳೆಯುತ್ತದೆ. ಸಾಲೆತ್ತರ ಬರೆಯದೇ ಬಿಟ್ಟರೆ ಬ್ರೌಸರ್ ಆಯಾ ಫಾಂಟಿನೊಳಗಿನ ಅಳತೆ ಹಿಡಿಯುತ್ತದೆ, ಆಗ ಅದೇ ಪುಟ ತುಂಗಾದಲ್ಲಿ ಒಂದು ಉದ್ದ, ನಿರ್ಮಲಾದಲ್ಲಿ ಇನ್ನೊಂದು ಉದ್ದ.

ಉಳಿದದ್ದು ಕಚೇರಿಯ ಹಳೆಯ ಕಂಪ್ಯೂಟರ್. ಅದು ಎಕ್ಸ್‌ಪಿ, ಬ್ರೌಸರ್ ಇಂಟರ್‌ನೆಟ್ ಎಕ್ಸ್‌ಪ್ಲೋರರ್. ಎಕ್ಸ್‌ಪಿಯಲ್ಲಿ ಕನ್ನಡದ ಸೌಲಭ್ಯ ಇದ್ದರೂ ಅದು ತಾನಾಗಿ ಚಾಲೂ ಆಗಿರುವುದಿಲ್ಲ. ಕಂಟ್ರೋಲ್ ಪ್ಯಾನೆಲ್‌ನ ರೀಜನಲ್ ಅಂಡ್ ಲ್ಯಾಂಗ್ವೇಜ್ ಆಪ್ಷನ್ಸ್ ತೆರೆದು, ಲ್ಯಾಂಗ್ವೇಜಸ್ ಎಂಬಲ್ಲಿ ಕಾಂಪ್ಲೆಕ್ಸ್ ಸ್ಕ್ರಿಪ್ಟ್‌ಗಳ ಕಡತಗಳನ್ನು ಹಾಕು ಎಂಬ ಚೌಕಕ್ಕೆ ಟಿಕ್ ಹಾಕಬೇಕು. ಅದು ಎಕ್ಸ್‌ಪಿಯ ಸಿಡಿ ಕೇಳಬಹುದು. ಯಾರೋ ಪೆನ್ ಡ್ರೈವಿನಲ್ಲಿ ಕನ್ನಡ ಫಾಂಟ್ ಮಾತ್ರ ತಂದು ಹಾಕಿ, ಈ ಟಿಕ್ ಹಾಕದೆ ಹೋಗಿದ್ದರೆ ಒತ್ತುಗಳು ಕಳಚಿ ಕಾಣುತ್ತವೆ. ವಿಸ್ಟಾದಿಂದೀಚೆಗೆ ಈ ತಾಪತ್ರಯವಿಲ್ಲ.

ಸಿಡಿ ಈಗ ಯಾರ ಬಳಿ ಇದೆ? ಅದಕ್ಕೆ ಇನ್ನೊಂದು ದಾರಿ ಫೈರ್‌ಫಾಕ್ಸ್ 52, ಎಕ್ಸ್‌ಪಿಯ ಮೇಲೆ ಓಡುವ ಕೊನೆಯ ಫೈರ್‌ಫಾಕ್ಸ್. ಅದು ಅಕ್ಷರ ಜೋಡಿಸುವ ತಂತ್ರಾಂಶವನ್ನು ತನ್ನೊಳಗೇ ಹೊತ್ತು ತರುತ್ತದೆ, ವಿಂಡೋಸನ್ನು ಕೇಳುವುದಿಲ್ಲ. ಫಾಂಟನ್ನು ಪುಟವೇ ಕಳಿಸಿಕೊಟ್ಟರೆ ಆ ಯಂತ್ರದಲ್ಲೂ ‘ರಾಷ್ಟ್ರೀಯ’ ಕೂಡಿ ನಿಲ್ಲುತ್ತದೆ. ಅಂಥ ಹಳೆಯ ಬ್ರೌಸರಿನಲ್ಲಿ ದರ ನೋಡಬಹುದು, ಬ್ಯಾಂಕಿನ ವ್ಯವಹಾರ ಕೂಡದು.

```css
@font-face {
  font-family: "Sangha Kannada";
  src: url("kannada.woff2") format("woff2"),
       url("kannada.woff") format("woff");
  unicode-range: U+0964-0965, U+0C80-0CFF,
    U+200C-200D, U+25CC;
  font-display: swap;
}
```

ಈ ಹೆಸರನ್ನು ಪಟ್ಟಿಯ ಮೊದಲಿಗೆ ಸೇರಿಸಬೇಕು. ಕಳಿಸುವ ಫಾಂಟ್ ಯಾವುದೆಂಬುದರಲ್ಲಿ ಕಾನೂನಿನ ಮಾತೂ ಇದೆ. ನಿರ್ಮಲಾ, ತುಂಗಾ ಮೈಕ್ರೋಸಾಫ್ಟಿನವು, ಅವನ್ನು ನಮ್ಮ ತಾಣದಲ್ಲಿಟ್ಟು ಹಂಚುವಂತಿಲ್ಲ. ನೋಟೊ ಸಾನ್ಸ್ ಕನ್ನಡ ಮುಕ್ತ ಪರವಾನಗಿಯದು, ಇಡಬಹುದು. `font-display: swap` ಇದ್ದರೆ ಫಾಂಟ್ ಬರುವವರೆಗೆ ಯಂತ್ರದಲ್ಲಿರುವ ಅಕ್ಷರದಲ್ಲೇ ಬರಹ ಕಾಣುತ್ತದೆ. ಸಿಗ್ನಲ್ ಕಡಿಮೆಯಿರುವ ಹಳ್ಳಿಯಲ್ಲಿ ಖಾಲಿ ಪರದೆ ನೋಡುತ್ತ ಕೂರಬೇಕಿಲ್ಲ.

ಕಡತ ಚಿಕ್ಕದು ಮಾಡಲು ಹೊರಟವರು ಎಡವುವುದು ಇಲ್ಲೇ. ಬೇಡದ ಅಕ್ಷರಗಳನ್ನು ಕತ್ತರಿಸಿ ತೆಗೆಯುವ ಉಪಕರಣಗಳಿವೆ. ಒತ್ತುಗಳಿಗೆ ಯೂನಿಕೋಡ್ ಸಂಖ್ಯೆ ಇಲ್ಲವೆಂದು ಆಗಲೇ ನೋಡಿದೆವಲ್ಲ. ಸಂಖ್ಯೆ ನೋಡಿಯಷ್ಟೇ ಉಳಿಸುವ ಉಪಕರಣ ಒತ್ತುಗಳನ್ನೂ ಅವುಗಳ ನಿಯಮಪಟ್ಟಿಯನ್ನೂ ಕಸವೆಂದು ಎಸೆಯುತ್ತದೆ. ಆಮೇಲೆ ಹೊಸ ಫೋನಿನಲ್ಲೂ ಕನ್ನಡ ಎಕ್ಸ್‌ಪಿಯಂತೆ ಕಾಣುತ್ತದೆ! ಫಾಂಟ್‌ಟೂಲ್ಸ್‌ನ `pyftsubset` ಈ ನಿಯಮಗಳನ್ನು ಹಿಂಬಾಲಿಸಿ ಒತ್ತುಗಳನ್ನು ಉಳಿಸುತ್ತದೆ, ಅದನ್ನೇ ಬಳಸುವುದು ಕ್ಷೇಮ. ಹಾಗೆಯೇ `unicode-range` ಸಾಲಿನಲ್ಲಿ `U+200C-200D` ಬಿಡಬಾರದು. ಕಣ್ಣಿಗೆ ಕಾಣದ ಆ ಎರಡು ಸಂಕೇತಗಳಿಂದಲೇ ‘ಬ್ಯಾಂಕ್‌ನಲ್ಲಿ’ ಎಂಬಲ್ಲಿ ನಕಾರ ಒತ್ತಾಗದೆ ನಿಲ್ಲುವುದು, ‘ರ‍್ಯಾಂಕ್’ ಎಂಬಲ್ಲಿ ರಕಾರ ಅರ್ಕಾವೊತ್ತಾಗದೆ ಉಳಿಯುವುದು. ಅವನ್ನು ಬಿಟ್ಟರೆ ಕೆಲವು ಹಳೆಯ ಬ್ರೌಸರುಗಳು ಪದದ ನಡುವೆಯೇ ಬೇರೆ ಫಾಂಟಿಗೆ ಹಾರುತ್ತವೆ, ಅಲ್ಲಿಗೆ ಜೋಡಣೆ ತುಂಡಾಗುತ್ತದೆ.

ದಪ್ಪಕ್ಷರದ ಬಗ್ಗೆ ಒಂದು ಮಾತು. ಸಾಮಾನ್ಯ ರೂಪವನ್ನಷ್ಟೇ ಕಳಿಸಿ ತಲೆಬರಹಕ್ಕೆ ದಪ್ಪ ಕೇಳಿದರೆ ಬ್ರೌಸರ್ ಅದೇ ಅಕ್ಷರವನ್ನು ಉಬ್ಬಿಸಿ ಕೊಡುತ್ತದೆ. ಇಂಗ್ಲಿಷಿನಲ್ಲಿ ಅಷ್ಟಾಗಿ ಕಾಣದ ಈ ನಕಲಿ ದಪ್ಪ ಕನ್ನಡದ ಸುರುಳಿಗಳನ್ನು ಮುಚ್ಚಿಬಿಡುತ್ತದೆ. ದಪ್ಪ ರೂಪದ ಕಡತವನ್ನೂ ಇಡಬೇಕು, ಇಲ್ಲವಾದರೆ ಗಾತ್ರವನ್ನಷ್ಟೇ ಹಿಗ್ಗಿಸಬೇಕು. ಓರೆ ಅಕ್ಷರವನ್ನು ಕನ್ನಡಕ್ಕೆ ಹಚ್ಚದಿರುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಇನ್ನು ಆ `PÀ£ÀßqÀ`. ಸಂಘದ ಕಾರ್ಯದರ್ಶಿ ಮಹಾಸಭೆಯ ಸೂಚನೆಯನ್ನು ಹಳೆಯ ನುಡಿಯಲ್ಲಿ ಟೈಪ್ ಮಾಡಿ ಕಳಿಸುತ್ತಾರೆ. ಕೆಲವರು ಫಾಂಟುಗಳ ಸಾಲಿಗೆ ನುಡಿಯ ಹೆಸರನ್ನೂ ಸೇರಿಸಿ ಪಾರಾಗುತ್ತಾರೆ. ಆ ಫಾಂಟ್ ಇರುವ ನಾಲ್ಕು ಯಂತ್ರಗಳಲ್ಲಿ ಅದು ಕನ್ನಡವಾಗಿ ಕಾಣುತ್ತದೆ, ಮಿಕ್ಕ ಎಲ್ಲೆಡೆ ಕಗ್ಗ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಬರೆದಿಟ್ಟವು. `lang="kn"` ಎಂದು ಹಾಕಿದರೂ ಓದುವ ತಂತ್ರಾಂಶಕ್ಕೆ ಅಲ್ಲಿ ಕನ್ನಡ ಸಿಗುವುದಿಲ್ಲ, ಹುಡುಕಿದರೂ ಸಿಗುವುದಿಲ್ಲ. ಮೊದಲು ಪರಿವರ್ತಕದಿಂದ ಯೂನಿಕೋಡಿಗೆ ಬದಲಿಸಿ, ಒಮ್ಮೆ ಕಣ್ಣಾಡಿಸಿ ಆಮೇಲೆ ಪುಟಕ್ಕೆ ಹಾಕಬೇಕು. ಪರಿವರ್ತನೆಯಲ್ಲಿ ಹೆಚ್ಚಾಗಿ ಜಾರುವುದು ಅರ್ಕಾವೊತ್ತು: ‘ಕಾರ್ಯ’, ‘ವರ್ಷ’, ‘ಅರ್ಜಿ’ ಎಂಬಂಥ ಪದಗಳನ್ನೇ ಹುಡುಕಿ ನೋಡಿ.

ಪರೀಕ್ಷೆಗೆ ಪುಟವೆಲ್ಲ ಓದಬೇಕಿಲ್ಲ, ಒಂದು ಸಾಲು ಸಾಕು: ‘ರಾಷ್ಟ್ರೀಯ ಸ್ತ್ರೀಶಕ್ತಿ ಕಾರ್ಯಕ್ರಮ, ರ‍್ಯಾಂಕ್, ಬ್ಯಾಂಕ್‌ನಲ್ಲಿ, ಕೃಷ್ಣ, ಹೊಸಕೋಟೆ’. ಎರಡು ಒತ್ತು, ಅರ್ಕಾವೊತ್ತು, ಕಾಣದ ಆ ಎರಡು ಸಂಕೇತಗಳು, ತುಂಡುತುಂಡಾಗಿ ಜೋಡಿಸಬೇಕಾದ ಓಕಾರ, ಎಲ್ಲ ಅದರಲ್ಲಿವೆ. ಸಿಕ್ಕ ಸಿಕ್ಕ ಫೋನಿನಲ್ಲಿ ಇದನ್ನು ತೆರೆದು ನೋಡಬೇಕು. ಕಂಪ್ಯೂಟರಿನಲ್ಲಾದರೆ ಕ್ರೋಮ್‌ನಲ್ಲಿ ಆ ಸಾಲಿನ ಮೇಲೆ ಬಲಗುಂಡಿ ಒತ್ತಿ ಇನ್‌ಸ್ಪೆಕ್ಟ್ ಆರಿಸಿ, ಕಂಪ್ಯೂಟೆಡ್ ಎಂಬಲ್ಲಿ ಕೆಳಗಿನವರೆಗೆ ಹೋದರೆ ನಿಜವಾಗಿ ಬಳಕೆಯಾದ ಫಾಂಟಿನ ಹೆಸರು ಕಾಣುತ್ತದೆ. ಪಟ್ಟಿಯಲ್ಲಿ ಏನು ಬರೆದಿದ್ದೇವೆ ಎಂಬುದಕ್ಕಿಂತ ಅಲ್ಲಿ ಏನಿದೆ ಎಂಬುದೇ ಸತ್ಯ. ಒಂದೇ ಸಾಲಿಗೆ ಎರಡು ಕನ್ನಡ ಫಾಂಟುಗಳ ಹೆಸರು ಬಂದಿದ್ದರೆ ಎಲ್ಲೋ ಒಂದು ಅಕ್ಷರ ಮೊದಲ ಫಾಂಟಿನಲ್ಲಿಲ್ಲ ಎಂದರ್ಥ.

ಸಂಘದ ಪುಟದಲ್ಲಿ ಇಷ್ಟೆಲ್ಲ ಆದ ಮೇಲೂ ಕಚೇರಿಯ ಯಂತ್ರದಲ್ಲಿ ದರದ ಮುಂದೆ ಒಂದು ಖಾಲಿ ಚೌಕ ಉಳಿಯುತ್ತದೆ. ಅದು ಕನ್ನಡ ಅಕ್ಷರವಲ್ಲ, ₹ ಗುರುತು. ಅದು ಯೂನಿಕೋಡಿಗೆ ಸೇರಿದ್ದು 2010ರಲ್ಲಿ. ಎಕ್ಸ್‌ಪಿಯ ಫಾಂಟುಗಳು ಅದಕ್ಕಿಂತ ಹಳೆಯವು. ಕಳಿಸುವ ಫಾಂಟಿನಲ್ಲಿ ಆ ಗುರುತು ಇದ್ದರೆ `unicode-range` ಸಾಲಿಗೆ `U+20B9` ಸೇರಿಸಬಹುದು. ಅಷ್ಟು ರಗಳೆ ಬೇಡವೆಂದರೆ ದರಪಟ್ಟಿಯಲ್ಲಿ ‘ರೂ.’ ಎಂದೇ ಬರೆದರಾಯಿತು. ಹಾಲಿನ ಪಾಸ್‌ಬುಕ್ಕಿನಲ್ಲಿ ಈಗಲೂ ಹಾಗೆಯೇ ಇದೆ.